ಶೇಕಡಾ ಬಿಡಿ, ಶೇರುಗಳ ಸಂಖ್ಯೆ ನೋಡಿ

"ಡೆಲಿವರಿ ಶೇ. 60 ದಾಟಿದರೆ ದೊಡ್ಡ ಕೈಗಳು ಶೇರು ಕೂಡಿಹಾಕುತ್ತಿವೆ ಎಂದರ್ಥ. ಶೇ. 20ಕ್ಕಿಂತ ಕೆಳಗೆ ಇಳಿದರೆ ಬರೀ ಇಂಟ್ರಾಡೇ, ಅಂದರೆ ಅದೇ ದಿನ ಕೊಂಡು ಮಾರುವ ಆಟ. ಇದೇ ನನ್ನ ಲೇಖನದ ತಿರುಳು. ನಿಮ್ಮ ಮಾಸಿಕಕ್ಕೆ ಹೊಂದುತ್ತದೆಯೇ? ಎಲ್ಲಿ ತಿದ್ದಬೇಕು, ನೇರವಾಗಿ ಹೇಳಿ."
– ಡೊಂಬಿವಲಿಯ ಓದುಗರು

ನಮಸ್ಕಾರ.

ಈಗಿರುವ ರೂಪದಲ್ಲಿ ಲೇಖನವನ್ನು ಹಾಕಲಾರೆ. ನಿಮ್ಮ ಭಾಷೆ ಚೆನ್ನಾಗಿದೆ, ತೊಂದರೆ ಇರುವುದು ಆ ತಿರುಳಿನಲ್ಲೇ. ನಮ್ಮ ಓದುಗರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲ್ ನಡೆಸುವವರು ಜಾಸ್ತಿ. ಅವರು ಇದನ್ನು ನಂಬಿ ಮರುದಿನ ಬೆಳಿಗ್ಗೆ ದುಡ್ಡು ಹಾಕುತ್ತಾರೆ.

ನೀವು ಶೇಕಡಾವನ್ನು ಮಾತ್ರ ನೋಡಿದ್ದೀರಿ. ಅದು ಒಂದು ಭಾಗಾಕಾರದ ಉತ್ತರ. ಮೇಲಿನ ಸಂಖ್ಯೆ ಡೆಲಿವರಿಗೆ ಹೋದ, ಅಂದರೆ ಅದೇ ದಿನ ಮಾರದೆ ಕೊಂಡವರ ಖಾತೆಗೆ ಸೇರಿದ ಶೇರುಗಳು, ಕೆಳಗಿನದು ಆ ದಿನದ ಒಟ್ಟು ವಹಿವಾಟು. ಕೆಳಗಿನದು ಉಬ್ಬಿದರೆ ಶೇಕಡಾ ತಾನಾಗಿ ಕುಸಿಯುತ್ತದೆ, ಮೇಲಿನದು ಕುಸಿಯಬೇಕೆಂದೇನೂ ಇಲ್ಲ.

ಒಂದು ಕಲ್ಪಿತ ಶೇರು ತೆಗೆದುಕೊಳ್ಳೋಣ. ಸಾಮಾನ್ಯ ದಿನದಲ್ಲಿ 4 ಲಕ್ಷ ಶೇರು ಕೈಬದಲಾಗುತ್ತದೆ, ಡೆಲಿವರಿ ಶೇ. 50. ಅಂದರೆ 2 ಲಕ್ಷ ಶೇರು ನಿಜವಾಗಿ ಡಿಮ್ಯಾಟ್ ಖಾತೆ ಬದಲಿಸುತ್ತದೆ. ಒಂದು ದಿನ ಸುದ್ದಿ ಬಂದು ವಹಿವಾಟು 40 ಲಕ್ಷಕ್ಕೆ ಹಾರಿತು, ಡೆಲಿವರಿ ಶೇ. 15ಕ್ಕೆ ಇಳಿಯಿತು. ನಿಮ್ಮ ಲೆಕ್ಕದಲ್ಲಿ ಇದು ಬರೀ ಆಟ. ಆದರೆ 40 ಲಕ್ಷದ ಶೇ. 15 ಎಂದರೆ 6 ಲಕ್ಷ, ಮಾಮೂಲಿನ ಮೂರು ಪಟ್ಟು! ಇನ್ನೊಂದು ದಿನ ವಹಿವಾಟು ಎರಡೂವರೆ ಲಕ್ಷಕ್ಕೆ ಇಳಿದು ಡೆಲಿವರಿ ಶೇ. 80 ಆಯಿತು ಅನ್ನಿ. ನಿಮ್ಮ ಪ್ರಕಾರ ಅದು ಭಾರೀ ಖರೀದಿ. ಲೆಕ್ಕ ಹಾಕಿದರೆ ಅದೇ ಹಳೆಯ 2 ಲಕ್ಷ. ಇಂಟ್ರಾಡೇ ಮಾಡುವವರು ಆ ದಿನ ಬರಲಿಲ್ಲ, ಅಷ್ಟೇ.

ಹಾಗಾದರೆ ಆ 6 ಲಕ್ಷ ಕೂಡಿಹಾಕಿದ್ದೇ? ಅದನ್ನೂ ಒಂದೇ ದಿನದಲ್ಲಿ ಹೇಳಲಾಗದು. ಒಬ್ಬ ಗ್ರಾಹಕ ಅದೇ ದಿನ 1,000 ಕೊಂಡು 700 ಮಾರಿದರೆ ಉಳಿದ 300 ಮಾತ್ರ ಡೆಲಿವರಿ. ಆದರೆ ಇವತ್ತು ಕೊಂಡು ನಾಳೆ ಮಾರುವವನ ಖರೀದಿಯೂ ಡೆಲಿವರಿ ಅಂತಲೇ ದಾಖಲಾಗುತ್ತದೆ, ಮರುದಿನದ ಅವನ ಮಾರಾಟವೂ ಅಷ್ಟೇ. ಒಂದು ರಾತ್ರಿ ಇಟ್ಟುಕೊಂಡವನಿಗೂ ಐದು ವರ್ಷ ಇಟ್ಟುಕೊಳ್ಳುವವನಿಗೂ ಈ ಅಂಕಿಯಲ್ಲಿ ವ್ಯತ್ಯಾಸವಿಲ್ಲ. ನಿಮ್ಮ ಬರಹದಲ್ಲಿ ಈ ಮಾತು ಎಲ್ಲೂ ಇಲ್ಲ, ನನಗೆ ಹೆಚ್ಚು ಬೇಜಾರಾಗಿದ್ದು ಇದಕ್ಕೇ.

ಅದಕ್ಕೆ ಮುಂದಿನ ದಿನಗಳನ್ನು ನೋಡಬೇಕು. ನಮ್ಮ ಶೇರು ಆ ದಿನ 200ರಿಂದ 218ಕ್ಕೆ ಏರಿ 203ರಲ್ಲಿ ಮುಗಿಯಿತು ಅನ್ನೋಣ. ಮರುದಿನ 9 ಲಕ್ಷ ವಹಿವಾಟು, ಅದರಲ್ಲಿ 5 ಲಕ್ಷ ಡೆಲಿವರಿ, ಬೆಲೆ 194. ಶೇಕಡಾ ಐವತ್ತೈದು ದಾಟಿದೆ, ನೋಡೋಕೆ ಚೆಂದ. ಆದರೆ ಬೆಲೆ ಬೀಳುತ್ತಾ ಬಂದ ಈ ಡೆಲಿವರಿಯಲ್ಲಿ ನಿನ್ನೆ ಕೊಂಡವರು ಹೊರಬೀಳುತ್ತಿರುವ ಸಾಧ್ಯತೆಯೇ ಹೆಚ್ಚು.

ನಿಜವಾಗಿ ಕೂಡಿಹಾಕುವವರು ಸದ್ದು ಮಾಡುವುದಿಲ್ಲ. ಬೆಲೆ ಏರಿದರೆ ಅವರಿಗೇ ನಷ್ಟ ಅಲ್ವಾ? ಅದೇ ಶೇರಿನಲ್ಲಿ ಇದರ ಬದಲು ಹತ್ತು ದಿನ ವಹಿವಾಟು ಐದಾರು ಲಕ್ಷ, ಡೆಲಿವರಿ ದಿನಾ ಮೂರೂವರೆ ಲಕ್ಷದ ಆಸುಪಾಸು, ಬೆಲೆ 196ರಿಂದ 204ರ ನಡುವೆ ಇತ್ತು ಅನ್ನಿ. ಹಳೆಯ 2 ಲಕ್ಷ ಕಳೆದರೆ ಹತ್ತು ದಿನಕ್ಕೆ 15 ಲಕ್ಷ ಹೆಚ್ಚುವರಿ. ಮಾರುವವರು ಅಷ್ಟು ಸುರಿದರೂ ಬೆಲೆ ಕುಸಿಯಲಿಲ್ಲ ಎಂದರೆ ಕೆಳಗೆ ಯಾರೋ ಹಿಡಿಯುತ್ತಿದ್ದಾರೆ. ಯಾರು ಅಂತ ಈ ಅಂಕಿ ಹೇಳುವುದಿಲ್ಲ. ತ್ರೈಮಾಸಿಕ ಮುಗಿದ 21 ದಿನದೊಳಗೆ ಕಂಪನಿ ಕೊಡುವ ಶೇರುದಾರರ ಪಟ್ಟಿಯಲ್ಲಿ, ಅವರ ಪಾಲು ಶೇ. 1 ಮುಟ್ಟಿದ್ದರೆ, ಹೆಸರು ಸಿಗಬಹುದು.

ವಹಿವಾಟು ಹಾರಿದ ದಿನದ ಸಂಜೆ ಬಲ್ಕ್ ಡೀಲ್ ಪಟ್ಟಿಯನ್ನೂ ನೋಡಿ. ಒಬ್ಬರೇ ಒಂದು ದಿನದಲ್ಲಿ ಕಂಪನಿಯ ಶೇ. 0.5ಕ್ಕಿಂತ ಜಾಸ್ತಿ ಶೇರು ಕೊಂಡರೆ ಅಥವಾ ಮಾರಿದರೆ ಅಲ್ಲಿ ಬರುತ್ತದೆ. ಒಂದು ಫಂಡ್ ತನ್ನ ಶೇರನ್ನು ಇನ್ನೊಂದಕ್ಕೆ ದಾಟಿಸಿದ್ದರೂ ಡೆಲಿವರಿ ಏರುತ್ತದೆ.

ನೀವು ಎರಡನೇ ಉದಾಹರಣೆಯಾಗಿ ಕೊಟ್ಟ "ಶೇ. 100 ಡೆಲಿವರಿ" ಶೇರನ್ನು ದಯವಿಟ್ಟು ತೆಗೆಯಿರಿ. ಅದು ಟ್ರೇಡ್ ಟು ಟ್ರೇಡ್ ಗುಂಪಿನಲ್ಲಿದೆ. ಅಲ್ಲಿ ಇಂಟ್ರಾಡೇಗೆ ಅವಕಾಶವೇ ಇಲ್ಲ, ಪ್ರತಿ ಸೌದಾ ಡೆಲಿವರಿಗೇ ಹೋಗಬೇಕು. ಎಷ್ಟೋ ಸಲ ಶೇರನ್ನು ಅಲ್ಲಿಗೆ ಹಾಕುವುದೇ ಅನುಮಾನದ ಏರಿಳಿತ ತಡೆಯಲು. ಅದನ್ನು ನಂಬಿಕೆಯ ಗುರುತು ಅಂತ ಬರೆದರೆ ಓದುಗರಿಗೆ ಹಾನಿ.

ಮತ್ತೆ ಬರೆಯುವಾಗ ಒಂದೇ ಶೇರು ಸಾಕು. ಎನ್‌ಎಸ್‌ಇ ದಿನಾ ಕೊಡುವ ದರಪಟ್ಟಿಗಳಲ್ಲಿ, ಡೆಲಿವರಿ ಅಂಕಿಯೂ ಇರುವ ಪೂರ್ಣ ಭಾವ್‌ಕಾಪಿಯಲ್ಲಿ `DELIV_QTY` ಎಂಬ ಕಾಲಂ ಇದೆ. ವಹಿವಾಟು ಹಾರಿದ ದಿನದ ಹಿಂದಿನ 20 ದಿನ, ಮುಂದಿನ 10 ದಿನ ಬರೆದುಕೊಳ್ಳಿ. ಪಕ್ಕದಲ್ಲಿ ಮುಕ್ತಾಯದ ಬೆಲೆ ಇಡಿ. ಆ ಕೋಷ್ಟಕದ ಜೊತೆ ಲೇಖನ ಕಳಿಸಿ, ನಾನೇ ಕೂತು ಓದುತ್ತೇನೆ.

– ಸಂಪಾದಕ, ಮುಂಬೈ