ಎ ಗ್ರೇಡ್ ಅಗ್ಗ, ಬಿ ಗ್ರೇಡ್ ದುಬಾರಿ: ಯಾವ ಜಾಲತಾಣವನ್ನು ನಂಬುವುದು?

ಪ್ರಶ್ನೆ: "ಹಕ್ಕಿಗಳ ಫೋಟೊ ತಿದ್ದಲು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಬೇಕು. ಒಂದೇ ಮಾಡೆಲ್ ಒಂದು ಜಾಲತಾಣದಲ್ಲಿ ಎ ಗ್ರೇಡ್, 12 ತಿಂಗಳ ವಾರಂಟಿ, 24,000 ರೂಪಾಯಿ. ಇನ್ನೊಂದರಲ್ಲಿ ಬಿ ಗ್ರೇಡ್, 6 ತಿಂಗಳು, 25,500. ಎರಡರ ಲಿಂಕ್ ಹಾಕಿದ್ದೇನೆ. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಯಾವುದನ್ನು ಕೊಳ್ಳಲಿ?"

ಎರಡೂ ಪುಟಗಳನ್ನು ಪೂರ್ತಿ ಓದಿದೆ ಮೇಡಂ. ನನ್ನ ಮತ ಬಿ ಗ್ರೇಡಿಗೆ.

ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಪ್ರತಿ ಅಂಗಡಿಯದೂ ತನ್ನದೇ ಲೆಕ್ಕ. ಆದ್ದರಿಂದ ಅಕ್ಷರವನ್ನು ಬಿಟ್ಟು ಅದರ ಕೆಳಗಿನ ವಿವರಣೆಯನ್ನು ನೋಡಬೇಕು. ಮೊದಲ ತಾಣದಲ್ಲಿ ಇರುವುದು "ಹೊಸದರಂತಿದೆ, ಬ್ಯಾಟರಿ ಕೆಲಸ ಮಾಡುತ್ತದೆ" ಎಂಬ ಎರಡೇ ಮಾತು, ಜೊತೆಗೆ ತಯಾರಕರ ಜಾಹೀರಾತಿನ ಚಿತ್ರ. ಅರ್ಧ ಗಂಟೆ ನಿಲ್ಲುವ ಬ್ಯಾಟರಿಯೂ ಕೆಲಸ ಮಾಡುತ್ತದೆಯಲ್ಲ! ಎರಡನೆಯವರು ಮುಚ್ಚಳದ ಮೇಲೆ ಗೀರುಗಳಿವೆ, ಪರದೆಯಲ್ಲಿ ಬಿಳಿ ಚುಕ್ಕೆಗಳಿಲ್ಲ, ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಕನಿಷ್ಠ 80 ಶೇಕಡಾ ಉಳಿದಿರುತ್ತದೆ ಎಂದು ಬರೆದಿದ್ದಾರೆ. ಸವೆದು ಹೊಳೆಯುತ್ತಿರುವ ಸ್ಪೇಸ್ ಬಾರ್ ಕೂಡ ಅವರ ಚಿತ್ರದಲ್ಲಿ ಕಾಣುತ್ತದೆ. ತನ್ನ ಸರಕಿನ ಕುಂದನ್ನು ತಾನೇ ತೋರಿಸುವ ವ್ಯಾಪಾರಿಯ ಮೇಲೆ ನನಗೆ ನಂಬಿಕೆ ಹೆಚ್ಚು. ಮುಚ್ಚಳದ ಗೀರಿನಿಂದ ನಿಮ್ಮ ಫೋಟೊಗಳಿಗೇನೂ ಆಗದು.

ಆದರೆ ಇಬ್ಬರೂ ಹೇಳದ ಒಂದು ವಿಷಯ ನಿಮಗೆ ಮುಖ್ಯ. ಕಚೇರಿ ಬಳಕೆಯ ಅನೇಕ ಲ್ಯಾಪ್‌ಟಾಪ್‌ಗಳು ಒಂದೇ ಮಾಡೆಲ್ ಹೆಸರಿನಲ್ಲಿ ಐಪಿಎಸ್, ಟಿಎನ್ ಎರಡೂ ಬಗೆಯ ಪರದೆಗಳೊಂದಿಗೆ ಬಂದಿವೆ. ಟಿಎನ್ ಪರದೆಯಲ್ಲಿ ತಲೆ ತುಸು ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ. ಮಿಂಚುಳ್ಳಿಯ ನೀಲಿಯನ್ನು ಅದರಲ್ಲಿ ತಿದ್ದುವುದು ವ್ಯರ್ಥ. ಪರದೆ ಐಪಿಎಸ್ ತಾನೇ ಎಂದು ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ಇನ್ನು ಆ 12 ತಿಂಗಳ ವಾರಂಟಿ, ಮೂಗಿಗೆ ಸವರಿದ ತುಪ್ಪ. ಷರತ್ತುಗಳ ಪುಟದ ಕೊನೆಯಲ್ಲಿ ಬ್ಯಾಟರಿ, ಪರದೆ, ಕೀಬೋರ್ಡ್, ಅಡಾಪ್ಟರ್ ನಾಲ್ಕನ್ನೂ ಹೊರಗಿಟ್ಟಿದ್ದಾರೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಕೈಕೊಡುವುದು ಹೆಚ್ಚಾಗಿ ಇವೇ. ರಿಪೇರಿ ಕೇಂದ್ರ ದೆಹಲಿಯಲ್ಲಿದೆ, ಹೋಗಿ ಬರುವ ಕೊರಿಯರ್ ವೆಚ್ಚ ಎರಡೂ ನಿಮ್ಮದೇ, ರಿಪೇರಿಗೆ ಗಡುವಿಲ್ಲ. ಎರಡನೆಯವರು ಬ್ಯಾಟರಿಗೆ 3 ತಿಂಗಳು, ಉಳಿದದ್ದಕ್ಕೆ 6 ತಿಂಗಳು ಕೊಡುತ್ತಾರೆ, ಕೇಂದ್ರ ಬೆಂಗಳೂರಿನಲ್ಲೇ ಇದೆ, 7 ದಿನಗಳೊಳಗೆ ವಾಪಸ್ ಮಾಡಿದರೆ ಪೂರ್ತಿ ಹಣ. ಹೆಚ್ಚಿನ 1,500 ರೂಪಾಯಿ ಇದಕ್ಕೇ ಹೋಗುತ್ತದೆ ಎಂದುಕೊಳ್ಳಿ.

ಮೇಲೆ ಉತ್ತರಿಸಿದವರೊಬ್ಬರು ಮೊದಲ ತಾಣಕ್ಕೆ "4.4 ನಕ್ಷತ್ರವಿದೆ, ಇನ್ನೇನು ಬೇಕು?" ಎಂದಿದ್ದಾರೆ. ಆ ನಕ್ಷತ್ರಗಳಲ್ಲಿ ಹೆಚ್ಚಿನವು ಡಬ್ಬಿ ಬಿಚ್ಚಿದ ದಿನವೇ ಕೊಟ್ಟವು. ನಾನು ಎರಡು, ಮೂರು ನಕ್ಷತ್ರದವನ್ನೇ ಹುಡುಕಿ, ಕೊಂಡು ತಿಂಗಳುಗಳಾದ ಮೇಲೆ ಬರೆದವನ್ನು ಓದುತ್ತೇನೆ. ಇನ್ನೊಂದು ಸಂಗತಿ: ಮೊದಲ ತಾಣ ಬರೀ ಸಂತೆ ಮೈದಾನ, ಮಾರುವವರು ಬೇರೆ. ನಕ್ಷತ್ರ ಮೈದಾನದ್ದೋ ಮಾರುವವರದ್ದೋ ನೋಡಿಕೊಳ್ಳಿ. ಮಾರುವವರ ಜಿಎಸ್‌ಟಿ ಸಂಖ್ಯೆಯನ್ನು gst.gov.in ನಲ್ಲಿ Search Taxpayer ಒತ್ತಿ ಹಾಕಿದರೆ ನೋಂದಣಿಯ ದಿನಾಂಕ, ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು ಇರಲೇಬೇಕು. ಅದೂ ಇಲ್ಲದಿದ್ದರೆ ಅಲ್ಲಿಂದ ಹೊರಬನ್ನಿ.

ಲ್ಯಾಪ್‌ಟಾಪ್ ಬಂದ ದಿನವೇ ಡಬ್ಬಿ ಬಿಚ್ಚುವುದನ್ನು ವಿಡಿಯೊ ಮಾಡಿ. ಕತ್ತಲ ಕೋಣೆಯಲ್ಲಿ ಪೂರ್ತಿ ಬಿಳಿ ಚಿತ್ರ ತೆರೆದು ಪರದೆಯ ಚುಕ್ಕೆಗಳನ್ನು ನೋಡಿ. ನಂತರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಕೊಡಿ:

```
powercfg /batteryreport
```

ವರದಿಯ ಫೈಲ್ ಎಲ್ಲಿದೆಯೆಂದು ಅದೇ ಹೇಳುತ್ತದೆ. ಅದರಲ್ಲಿ DESIGN CAPACITY 50,000, FULL CHARGE CAPACITY 36,500 ಎಂದಿದ್ದರೆ ಉಳಿದಿರುವುದು 73 ಶೇಕಡಾ. ಹೇಳಿದ್ದು 80, ವಾಪಸ್ ಕಳುಹಿಸಿ. ಎರಡೂ ಅಂಕಿ ಒಂದೇ ಇದ್ದರೆ ಬೀಗಬೇಡಿ. ಹೊಸ ಬ್ಯಾಟರಿ ಹಾಕಿರಬಹುದು, ಅಗ್ಗದ ಬದಲಿ ಬ್ಯಾಟರಿಯೊಂದು ಸುಳ್ಳು ಅಂಕಿ ಹೇಳುತ್ತಿರಲೂಬಹುದು. ಪೂರ್ತಿ ಚಾರ್ಜ್ ಮಾಡಿ, ವಯರ್ ತೆಗೆದು, ಎರಡು ಗಂಟೆ ಫೋಟೊ ತಿದ್ದಿ ನೋಡಿ.

"ಎಸ್‌ಪಿ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ, ಕಣ್ಣಾರೆ ನೋಡಿ ಕೊಳ್ಳಿ" ಎಂದ ಸರ್ ಹೇಳಿದ್ದು ಅರ್ಧ ಸರಿ. ಪರದೆ, ಕೀಲಿಗಳನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸದಿದ್ದರೆ ಅಲ್ಲಿಯ ವಾರಂಟಿ ಬಾಯಿಮಾತಷ್ಟೇ.

ಎರಡನೆಯವರು ಟಿಎನ್ ಪರದೆ ಎಂದು ಉತ್ತರಿಸಿದರೆ ಏನು ಮಾಡುವುದು? ಹೊರಗಿನ ಮಾನಿಟರ್ ಕೊಳ್ಳುವುದೋ, ಬೇರೆ ಮಾಡೆಲ್ ನೋಡುವುದೋ, ಅದು ನಿಮ್ಮ ಬಜೆಟ್ ಗೊತ್ತಾಗದೆ ಹೇಳಲಾರೆ. ಮನೆಯಲ್ಲೇ ತಿದ್ದುತ್ತೀರೋ, ಕಾಡಿಗೂ ಹೊತ್ತೊಯ್ಯುತ್ತೀರೋ ತಿಳಿಸಿ.