ಚಳಿಗೆ ಬೈಕ್ ಸ್ಟಾರ್ಟ್ ಆಗ್ತಿಲ್ಲ: ಚೋಕೋ, ಬ್ಯಾಟರಿಯೋ?

ಪ್ರಶ್ನೆ: ನನ್ನದು 2016ರ 100 ಸಿಸಿ ಬೈಕ್. ಬೆಳಿಗ್ಗೆ ಚಳಿಯಲ್ಲಿ ಸೆಲ್ಫ್ ಒತ್ತಿದರೆ ಸ್ಟಾರ್ಟ್ ಆಗಲ್ಲ. ಮಧ್ಯಾಹ್ನ ಏನೂ ತೊಂದರೆ ಇಲ್ಲ. ಬ್ಯಾಟರಿ ಬದಲಿಸಬೇಕಾ?

ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ನಾಳೆ ಬೆಳಿಗ್ಗೆ ಸೆಲ್ಫ್ ಮುಟ್ಟದೆ, ಚೋಕ್ ಹಾಕಿ ಕಿಕ್ ಹೊಡೆದು ನೋಡಿ.

ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಚೋಕ್ ಎಳೆದಾಗ ಕಾರ್ಬುರೇಟರ್‌ಗೆ ಹೋಗುವ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಅಂಶ ಜಾಸ್ತಿಯಾಗುತ್ತದೆ. ಆಗ ಆಕ್ಸಿಲರೇಟರ್ ತಿರುಗಿಸಬಾರದು. ತಿರುಗಿಸಿದರೆ ಪೆಟ್ರೋಲ್ ಎಳೆಯುವ ಸೆಳೆತವೇ ಕಡಿಮೆಯಾಗುತ್ತದೆ, ಚೋಕ್ ಹಾಕಿದ್ದು ವ್ಯರ್ಥ. ತುಂಬಾ ಜನ ತಪ್ಪುವುದು ಇಲ್ಲೇ.

ನಾನು ಮಾಡುವುದು ಹೀಗೆ. ಕೀ ಆಫ್ ಇರುವಾಗಲೇ ಚೋಕ್ ಪೂರ್ತಿ ಹಾಕಿ ಮೂರು ಸಲ ನಿಧಾನವಾಗಿ ಕಿಕ್ ತುಳಿಯುತ್ತೇನೆ. ಆಮೇಲೆ ಕೀ ಆನ್ ಮಾಡಿ ಒಂದು ಗಟ್ಟಿ ಕಿಕ್. ಸ್ಟಾರ್ಟ್ ಆದ ಮೇಲೆ ಅರ್ಧ ನಿಮಿಷಕ್ಕೆ ಚೋಕ್ ಅರ್ಧ ಇಳಿಸಿ, ಐಡಲ್ ನಿಂತ ಕೂಡಲೇ ಪೂರ್ತಿ ತೆಗೆಯುತ್ತೇನೆ. ಚೋಕ್ ಮರೆತು ಓಡಿಸಿದರೆ ಪ್ಲಗ್ ಮಸಿ ಹಿಡಿದು ಕಪ್ಪಾಗುತ್ತದೆ, ಮೈಲೇಜೂ ಇಳಿಯುತ್ತದೆ.

ಏಳೆಂಟು ಕಿಕ್ ಆದರೂ ಹತ್ತದೆ ಪೆಟ್ರೋಲ್ ವಾಸನೆ ಬಂದರೆ ಓವರ್‌ಫ್ಲೋ ಆಗಿದೆ ಅಂತ. ಚೋಕ್ ತೆಗೆದು ಹತ್ತು ನಿಮಿಷ ಬಿಡಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕೈದು ಕಿಕ್ ಹೊಡೆಯಿರಿ. ಒಳಗಿನ ಹೆಚ್ಚುವರಿ ಪೆಟ್ರೋಲ್ ಹೊರಗೆ ಹೋಗುತ್ತದೆ. ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ಬಿಟ್ಟುಬಿಡಿ.

ಕಿಕ್‌ಗೆ ಬೇಗ ಹತ್ತಿ, ಸೆಲ್ಫ್‌ಗೆ ಬರೀ 'ಟಕ್ ಟಕ್' ಅಂದರೆ ಆಗ ಬ್ಯಾಟರಿ ಕಡೆ ನೋಡಿ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ತಗ್ಗುತ್ತದೆ. ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸುವುದೂ ಭಾರ. ಮಧ್ಯಾಹ್ನ ಸರಿ ಇರುವುದು ಇದಕ್ಕೇ.

ಚಿಕ್ಕಮಗಳೂರಿನಲ್ಲಿ ಕಳೆದ ಡಿಸೆಂಬರ್‌ನಲ್ಲಿ ನನಗೂ ಹೀಗೇ ಆಗಿತ್ತು. ಮಲ್ಟಿಮೀಟರ್ ಇಟ್ಟು ನೋಡಿದೆ. ಸುಮ್ನೆ ನಿಂತಾಗ 12.3 ವೋಲ್ಟ್, ಅಂದರೆ ಫುಲ್ ಚಾರ್ಜ್ ಇಲ್ಲ. ಫುಲ್ ಇದ್ದರೆ 12.6ಕ್ಕಿಂತ ಮೇಲೆ ಇರಬೇಕು. ಸೆಲ್ಫ್ ಒತ್ತಿದಾಗ 8.9ಕ್ಕೆ ಕುಸಿಯಿತು. ಎಂಜಿನ್ ಓಡುವಾಗ ಸ್ವಲ್ಪ ರೇಸ್ ಮಾಡಿದರೆ 14.1 ಬಂತು, ಹಾಗಾಗಿ ಚಾರ್ಜಿಂಗ್ ಸರಿ ಇತ್ತು. ಟರ್ಮಿನಲ್ ಮೇಲಿನ ಬಿಳಿ ಪುಡಿ ಉಜ್ಜಿ ತೆಗೆದು, ರಾತ್ರಿಯಿಡೀ ಹೊರಗಿನ ಚಾರ್ಜರ್‌ಗೆ ಹಾಕಿದೆ. ಮರುದಿನ ಬೆಳಿಗ್ಗೆ ಮತ್ತೆ 9ಕ್ಕಿಂತ ಕೆಳಗೆ ಬಂತು. ನಾಲ್ಕು ವರ್ಷದ ಬ್ಯಾಟರಿ, ಆಗ ಬದಲಿಸಿದೆ.

ಓಡುವಾಗಲೂ 13 ದಾಟದಿದ್ದರೆ ಮಾತ್ರ ಹೊಸ ಬ್ಯಾಟರಿ ಹಾಕುವ ಮೊದಲು ಮೆಕ್ಯಾನಿಕ್ ಹತ್ತಿರ ರೆಗ್ಯುಲೇಟರ್ ಮತ್ತು ಕಾಯಿಲ್ ನೋಡಿಸಿ. ಇಲ್ಲದಿದ್ದರೆ ಹೊಸದೂ ಬೇಗ ಇಳಿದು ಹೋಗುತ್ತದೆ.