ಹೆಸರು ಅಳಿಸಿ ಪೇಸ್ಟ್ ಮಾಡಿದರೆ ಸಾಕಾ?

ಪ್ರಶ್ನೆ: ಮಕ್ಕಳ ಪ್ರಬಂಧ ಎಐ ಬರೆದದ್ದಾ ಅಂತ ನೋಡೋಕೆ ಫ್ರೀ ಡಿಟೆಕ್ಟರ್ ಸೈಟಿಗೆ ಪೇಸ್ಟ್ ಮಾಡ್ತೀನಿ. ಹೆಸರು, ರೋಲ್ ನಂಬರ್ ತೆಗೆದೇ ಹಾಕೋದು. ಆದ್ರೂ ಇದು ಪ್ರೈವಸಿ ಸಮಸ್ಯೆ ಅಂತ ಸ್ಟಾಫ್ ರೂಮಲ್ಲಿ ಒಬ್ಬರು ಹೇಳಿದರು. ನಿಜಾನಾ?

ನಿಜ. ನಾನು ಶಾಲೆಯೊಂದರಲ್ಲಿ ಕಂಪ್ಯೂಟರ್ ಮತ್ತು ಡೇಟಾ ಕೆಲಸ ನೋಡಿಕೊಳ್ಳುವವನು. ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇನೆ. ಹುಡುಗನ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

‘ನಾನು ಮರೆಯದ ಒಂದು ದಿನ’ ಅಂತ ವಿಷಯ ಕೊಟ್ಟಿದ್ದರು. ಒಬ್ಬ ಹುಡುಗ ತುಂಬಾ ಚೆನ್ನಾಗಿ ಬರೆದಿದ್ದ. ಅಪ್ಪನ ಕಿಡ್ನಿ ಕೈಕೊಟ್ಟದ್ದು, ಅಮ್ಮ ತನ್ನದೊಂದನ್ನು ಕೊಡಲು ಒಪ್ಪಿದ್ದು, ಆಸ್ಪತ್ರೆಗೆ ಓಡಾಡಬೇಕಾಗಿ ತಾನು ಟೂರ್ನಿಯ ನಡುವೆಯೇ ಗೋಲ್‌ಕೀಪಿಂಗ್ ಬಿಟ್ಟದ್ದು, ಎಲ್ಲ ಅದರಲ್ಲಿತ್ತು. ಚೆನ್ನಾಗಿದೆ ಅನ್ನುವುದೇ ಟೀಚರಿಗೆ ಅನುಮಾನ ತಂದಿತು. ನಿಮ್ಮ ಹಾಗೇ ಹೆಸರು ತೆಗೆದು ಪೇಸ್ಟ್ ಮಾಡಿದರು. ಬಂದ ರಿಪೋರ್ಟಿನ ಲಿಂಕನ್ನು, ‘ಇದನ್ನ ಏನು ಮಾಡೋಣ?’ ಅಂತ ಕೇಳಿ ಶಿಕ್ಷಕರ ಗ್ರೂಪಿಗೆ ಹಾಕಿದರು. ಎರಡು ನಿಮಿಷದೊಳಗೆ ಉತ್ತರ ಬಂತು: ‘ಇದು ನಮ್ಮ ಗೋಲ್‌ಕೀಪರ್ ಅಲ್ವಾ? ಅವರಪ್ಪನಿಗೆ ಹೀಗಾಗಿದೆ ಅಂತ ಗೊತ್ತೇ ಇರಲಿಲ್ಲ.’

ಹೆಸರು ಎಲ್ಲೂ ಇರಲಿಲ್ಲ, ನೋಡಿ. ಗೋಲ್‌ಕೀಪರ್ ಅನ್ನುವುದು ಒಂದು ಸುಳಿವು, ಟೂರ್ನಿ ನಡುವೆ ಬಿಟ್ಟ ಅನ್ನುವುದು ಇನ್ನೊಂದು. ಎರಡೂ ಸೇರಿದರೆ ಒಬ್ಬನೇ ಹುಡುಗ ಉಳಿಯುತ್ತಾನೆ. ಸ್ವಂತ ಅನುಭವದ ಪ್ರಬಂಧ ಅಂದರೆ ಹೀಗೇ, ಗುರುತು ಇರುವುದು ಬರಹದ ಒಳಗೆ, ಮೇಲಿನ ಸಾಲಿನಲ್ಲಲ್ಲ. ಯುರೋಪಿನ ಜಿಡಿಪಿಆರ್ ಕಾನೂನು ಕೂಡ ಇದನ್ನೇ ಹೇಳುತ್ತದೆ. ಹೆಸರಿಲ್ಲದಿದ್ದರೂ ಬೇರೆ ವಿವರ ಸೇರಿಸಿ ವ್ಯಕ್ತಿಯನ್ನು ಗುರುತಿಸಬಹುದಾದರೆ ಅದು ವೈಯಕ್ತಿಕ ಮಾಹಿತಿಯೇ. ಆರೋಗ್ಯದ ವಿಷಯ ಬಂದರಂತೂ ಅದಕ್ಕೆ ಇನ್ನೂ ಬಿಗಿಯಾದ ನಿಯಮ. ಇಲ್ಲಿ ಹೊರಗೆ ಹೋದದ್ದು ಹುಡುಗನದಷ್ಟೇ ಅಲ್ಲ, ಅಪ್ಪ ಅಮ್ಮನದೂ. ಅವರನ್ನಂತೂ ಯಾರೂ ಕೇಳಿರಲೇ ಇಲ್ಲ.

ಗ್ರೂಪಿನದು ಕಣ್ಣಿಗೆ ಕಂಡ ಸೋರಿಕೆ. ಕಾಣದ್ದು ಏನಾಯಿತು ಅಂತ ತಿಳಿಯಲು ನಾನು ಆ ಸೈಟನ್ನು ಪರೀಕ್ಷೆ ಮಾಡಿದೆ. ನೀವೂ ಮಾಡಬಹುದು, ಆದರೆ ಮಕ್ಕಳ ಬರಹದಿಂದ ಬೇಡ, ಸುಮ್ನೆ ನೀವೇ ನಾಲ್ಕು ಸಾಲು ಗೀಚಿ ಹಾಕಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಸೈಟ್ ತೆರೆದು `F12` ಒತ್ತಿ. `Network` ಅನ್ನುವ ಟ್ಯಾಬಿಗೆ ಹೋಗಿ, ಆಮೇಲೆ ಪೇಸ್ಟ್ ಮಾಡಿ. ಪುಟ ಯಾರ್ಯಾರ ಜೊತೆ ಮಾತಾಡುತ್ತಿದೆ ಅನ್ನುವುದು ಸಾಲು ಸಾಲಾಗಿ ಬರುತ್ತದೆ. ಒಂದು ಸಾಲನ್ನು ಕ್ಲಿಕ್ ಮಾಡಿ, ಕ್ರೋಮ್ ಆದರೆ `Payload` ನೋಡಿ. ನೀವು ಬರೆದ ವಾಕ್ಯವೇ ಅಲ್ಲಿ ಕಂಡರೆ, ಅದು ಆ ವಿಳಾಸಕ್ಕೆ ಹೋಯಿತು ಅಂತಲೇ ಅರ್ಥ.

ನನಗೆ ಎರಡು ವಿಷಯ ಕಂಡವು. ಒಂದು, ‘ಚೆಕ್’ ಬಟನ್ ಒತ್ತುವ ಮೊದಲೇ, ಪೇಸ್ಟ್ ಮಾಡಿದ ಕ್ಷಣಕ್ಕೇ ಪಠ್ಯ ಹೊರಟಿತ್ತು. ‘ಅಯ್ಯೋ, ಹೆಸರು ಉಳೀತು’ ಅಂತ ಆಮೇಲೆ ಅಳಿಸಿದರೆ ಪ್ರಯೋಜನವಿಲ್ಲ. ಎರಡು, ಅದು ಡಿಟೆಕ್ಟರ್ ಸೈಟಿಗಷ್ಟೇ ಅಲ್ಲ, ಬೇರೊಂದು ಕಂಪನಿಯ ವಿಳಾಸಕ್ಕೂ ಹೋಗುತ್ತಿತ್ತು. ಸೈಟಿಗೆ ಬಂದವರು ಏನೇನು ಮಾಡುತ್ತಾರೆ ಅಂತ ವಿಡಿಯೋ ತೆಗೆದ ಹಾಗೆ ದಾಖಲಿಸುವ ಸ್ಕ್ರಿಪ್ಟ್ ಅದು. ಇದಕ್ಕೆ ಸೆಷನ್ ರಿಪ್ಲೇ ಅನ್ನುತ್ತಾರೆ. ಹೊಸದೇನಲ್ಲ. 2017ರಲ್ಲೇ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜನ ಜಾಸ್ತಿ ನೋಡುವ 50,000 ಸೈಟುಗಳನ್ನು ಜಾಲಾಡಿ, 482ರಲ್ಲಿ ಇಂಥದ್ದು ನಡೆಯುತ್ತಿದೆ ಅಂತ ತೋರಿಸಿದ್ದರು. ಫಾರ್ಮ್ ಕಳಿಸುವ ಮೊದಲು ಟೈಪ್ ಮಾಡಿದ್ದನ್ನೂ ಅವು ಎತ್ತಿಕೊಳ್ಳುತ್ತಿದ್ದವು.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಬ್ರೌಸರಿನಿಂದ ಹೊರಟದ್ದು ಮಾತ್ರ ಕಾಣುತ್ತದೆ. ಸರ್ವರ್ ಸೇರಿದ ಮೇಲೆ ಅವರು ಅದನ್ನು ಉಳಿಸಿಕೊಂಡರಾ, ಇನ್ಯಾರಿಗಾದರೂ ದಾಟಿಸಿದರಾ ಅನ್ನುವುದು ಕಾಣುವುದಿಲ್ಲ. ಅದಕ್ಕೆ ಸೈಟಿನ ಷರತ್ತುಗಳನ್ನೇ ಓದಬೇಕು. ಪೂರ್ತಿ ಓದುವ ತಾಳ್ಮೆ ನನಗೂ ಇಲ್ಲ. ಪಠ್ಯವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ‘ಸೇವೆ ಉತ್ತಮಪಡಿಸಲು’ ಬಳಸುತ್ತಾರಾ, ಇವೆರಡನ್ನು ಹುಡುಕಿ. ಎರಡನೆಯದು ಇದ್ದರೆ ಹುಡುಗನ ಪ್ರಬಂಧ ಅವರ ಮುಂದಿನ ಮಾಡೆಲ್‌ಗೆ ತರಬೇತಿ ಸಾಮಗ್ರಿಯೂ ಆಗಬಹುದು. ಅದೇ ಸೈಟ್ ಕೃತಿಚೌರ್ಯವನ್ನೂ ಪತ್ತೆ ಮಾಡುತ್ತಾ, ಬಂದ ಬರಹವನ್ನೆಲ್ಲ ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುವುದಾದರೆ ಇನ್ನೊಂದು ಫಜೀತಿ. ನಾಳೆ ಅವನೇ ಅದನ್ನು ಬೇರೆಡೆ ಸಲ್ಲಿಸಿದಾಗ ‘ಕದ್ದದ್ದು’ ಅಂತ ಬರಬಹುದು.

ಅಳಿಸಿ ಅಂತ ಕೇಳಬಹುದಲ್ಲ ಅನ್ನುತ್ತೀರಾ? ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಲಾಗಿನ್ ಇಲ್ಲದೆ ಬಳಸಿದರೆ ನಿಮಗೆ ಸುರಕ್ಷಿತ ಅನ್ನಿಸುತ್ತದೆ. ಆದರೆ ಸಾವಿರಾರು ಪಠ್ಯಗಳ ನಡುವೆ ನಿಮ್ಮದು ಯಾವುದು ಅಂತ ಅವರಿಗೆ ತೋರಿಸಲು, ರಿಪೋರ್ಟ್ ಲಿಂಕ್ ಬಿಟ್ಟರೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಲಾಗಿನ್ ಆಗಿ ಬಳಸಿದರೆ ಅಳಿಸಲು ದಾರಿ ಇರಬಹುದು, ಆದರೆ ಶಾಲೆಯ ಇಮೇಲ್ ಜೊತೆಗೇ ಪ್ರಬಂಧ ಕೂತಿರುತ್ತದೆ. ‘ಯಾವ ಶಾಲೆ’ ಅನ್ನುವುದೂ ಅಲ್ಲಿಗೆ ಗೊತ್ತಾಯಿತು. ಫೈಲನ್ನೇ ಅಪ್‌ಲೋಡ್ ಮಾಡುವುದು ಇದಕ್ಕಿಂತ ಕೆಟ್ಟದ್ದು. ವರ್ಡ್ ಫೈಲಿನ ಒಳಗೆ ಬರೆದವರ ಹೆಸರು ಇರುತ್ತದೆ, ನೀವು ಹಾಕಿದ ಕಾಮೆಂಟೂ ಇರುತ್ತದೆ. ಪುಟದಲ್ಲಿನ ಹೆಸರು ಅಳಿಸಿದರೆ ಅವು ಹೋಗುವುದಿಲ್ಲ.

ಕಾನೂನಿನ ಮಾತು ಒಂದೇ ಹೇಳುತ್ತೇನೆ. ಜಿಡಿಪಿಆರ್ ಪ್ರಕಾರ, ಶಾಲೆ ತನ್ನ ಕೆಲಸಕ್ಕೆ ಮಕ್ಕಳ ಮಾಹಿತಿಯನ್ನು ಹೊರಗಿನ ಕಂಪನಿಗೆ ಕೊಡುವುದಾದರೆ ಲಿಖಿತ ಒಪ್ಪಂದ ಇರಬೇಕು. ಹೇಳಿದ್ದಕ್ಕೆ ಮಾತ್ರ ಬಳಸುತ್ತೇವೆ, ಕೆಲಸ ಮುಗಿದ ಮೇಲೆ ಅಳಿಸುತ್ತೇವೆ ಅಂತ ಕಂಪನಿ ಅದರಲ್ಲಿ ಬರೆದುಕೊಡಬೇಕು. ಫ್ರೀ ಸೈಟಿನಲ್ಲಿ ‘ಒಪ್ಪಿದೆ’ ಒತ್ತಿದಾಗ ಆಗುವುದು ಸಾಮಾನ್ಯವಾಗಿ ಅವರದೇ ಷರತ್ತಿಗೆ ನಿಮ್ಮ ಒಪ್ಪಿಗೆ. ಮಗುವಿನ ಪರವಾಗಿ ಹಾಗೆ ಒಪ್ಪಲು ಒಬ್ಬ ಶಿಕ್ಷಕರಿಗೆ ಅಧಿಕಾರ ಇದೆ ಅಂತ ನನಗನ್ನಿಸುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಗುವ ಫಲಿತಾಂಶವಾದರೂ ಗಟ್ಟಿಯಾ? ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರನ್ನು ನಿಖರತೆ ಕಡಿಮೆ ಅಂತ 2023ರ ಜುಲೈಯಲ್ಲಿ ನಿಲ್ಲಿಸಿಬಿಟ್ಟಿತು. ಅನುಮಾನ ಬಂದರೆ ನಾನಾದರೆ ಯಾವಾಗ ಏನು ಬರೆದೆ, ತಿದ್ದಿದೆ ಅನ್ನುವ ಡಾಕ್ಯುಮೆಂಟಿನ ವರ್ಷನ್ ಹಿಸ್ಟರಿ ತೋರಿಸು ಅಂತ ಮಗುವನ್ನೇ ಕೇಳುತ್ತೇನೆ, ಇಲ್ಲವೇ ಎದುರಿಗೆ ಕೂರಿಸಿಕೊಂಡು ಹತ್ತು ನಿಮಿಷ ಆ ಪ್ರಬಂಧದ ಬಗ್ಗೆ ಮಾತಾಡುತ್ತೇನೆ. ಬರಹ ಎಲ್ಲಿಗೂ ಹೋಗುವುದಿಲ್ಲ.

ಈಗಾಗಲೇ ಪೇಸ್ಟ್ ಮಾಡಿದ್ದರೆ ಮುಚ್ಚಿಡಬೇಡಿ. ಯಾವ ಸೈಟ್, ಯಾವ ದಿನ, ಯಾರ ಬರಹ ಅಂತ ಬರೆದಿಟ್ಟು, ಶಾಲೆಯಲ್ಲಿ ಡೇಟಾ ವಿಷಯ ನೋಡುವವರಿಗೆ ಅವತ್ತೇ ಹೇಳಿ. ಸೋರಿಕೆಯಿಂದ ಯಾರಿಗಾದರೂ ತೊಂದರೆಯಾಗುವ ಸಾಧ್ಯತೆ ಇದ್ದರೆ ಜಿಡಿಪಿಆರ್ ಇರುವ ಕಡೆ ಗೊತ್ತಾದ 72 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು, ಆ ಗಡಿಯಾರ ಶುರುವಾಗಿರಬಹುದು. ರಿಪೋರ್ಟ್ ಲಿಂಕ್ ಇದ್ದರೆ ಜೋಪಾನವಾಗಿಡಿ, ಯಾರಿಗೂ ಕಳಿಸಬೇಡಿ. ಅಳಿಸಿ ಅಂತ ಕೇಳುವಾಗ ನಿಮ್ಮ ಕೈಲಿರುವ ಗುರುತು ಅದೊಂದೇ.

ನಾವು ಆ ಲಿಂಕ್ ಹಾಕಿಯೇ ಸೈಟಿಗೆ ಬರೆದೆವು. ಒಂಬತ್ತು ದಿನಕ್ಕೆ ಲಿಂಕ್ ತೆರೆಯುವುದು ನಿಂತಿತು. ಪಠ್ಯ ಬ್ಯಾಕಪ್‌ನಲ್ಲಿ ಉಳಿದಿದೆಯಾ, ಆ ಇನ್ನೊಂದು ಕಂಪನಿಯ ಹತ್ತಿರ ಇರುವುದು ಏನಾಯಿತು ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಹುಡುಗನ ಅಮ್ಮನನ್ನು ಕರೆದು ಹೇಳಿದಾಗ ಅವರು ಮೊದಲು ಕೇಳಿದ್ದೂ ಅದನ್ನೇ.